ಹದಿನಾರು ಹತ್ತೊಂಬತ್ತಾದ ಬಗೆ

ಮಾನ್ಯ ಸಂಪಾದಕರಿಗೆ,

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ಮಕ್ಕಳ ವಿವರಗಳ ಪಟ್ಟಿಯಾದ ‘ಎ ಲಿಸ್ಟ್’ಗೆ ಮಕ್ಕಳಿಂದಲೂ ಹೆತ್ತವರಿಂದಲೂ ಸಹಿ ಹಾಕಿಸುವ ಕೆಲಸವನ್ನು ನಾನು ಎಷ್ಟೋ ವರ್ಷ ಮಾಡಿದ್ದೇನೆ. ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದು ನಿವೃತ್ತನಾದವನು ನಾನು. ಆ ಸಹಿಗಳಲ್ಲಿ ಒಂದು ಈಗ ನನ್ನ ಮನೆಯಂಗಳಕ್ಕೇ ಬಂದು ನಿಂತಿರುವುದರಿಂದ ಈ ಪತ್ರ.

ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯ ಜೊತೆ ಮನೆಗೆ ಬಂದಳು. ನಿಜವಾದ ಹೆಸರು ಬೇಡ, ಶ್ರೀನಿಧಿ ಎಂದಿಟ್ಟುಕೊಳ್ಳೋಣ. ಮಂಗಳೂರಿನಲ್ಲಿ ಪಿಯುಸಿ ಮಾಡಿ, ಅಲ್ಲೇ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಹೊರದೇಶದ ಆಸ್ಪತ್ರೆಯೊಂದರ ಕೆಲಸಕ್ಕೆ ಆಯ್ಕೆಯೂ ಆಗಿದ್ದಳು. ವೀಸಾಕ್ಕೆ ಮುಂಚೆ ದಾಖಲೆ ಪರಿಶೀಲಿಸುವವರು ಆಕೆಯ ಕಡತವನ್ನು ಹಿಂದಕ್ಕೆ ಕಳಿಸಿದ್ದರು. ಪಾಸ್‌ಪೋರ್ಟಿನಲ್ಲಿ SHRINIDHI, ಹುಟ್ಟಿದ ದಿನ 16-07-2003. ಎಸ್ಸೆಸ್ಸೆಲ್ಸಿ ಬುಕ್ಕಿನಲ್ಲಿ SREENIDHI, 19-07-2003. ಬುಕ್ಕಿನಲ್ಲಿದ್ದದ್ದೇ ಪಿಯುಸಿ ಅಂಕಪಟ್ಟಿಗೂ ನರ್ಸಿಂಗ್ ಪದವಿಗೂ ಇಳಿದಿತ್ತು.

“ಮೂರು ದಿವಸದ ವ್ಯತ್ಯಾಸ ಅಲ್ವಾ ಮಾಷ್ಟ್ರೇ, ಅದಕ್ಕೂ ಬಿಡುವುದಿಲ್ಲವಾ?” ಎಂದು ತಾಯಿ ಕೇಳಿದರು. ಬಿಡುವುದಿಲ್ಲ. ಹೆಸರಿನಲ್ಲಿ ಒಂದು ಅಕ್ಷರ, ತಾರೀಕಿನಲ್ಲಿ ಒಂದು ಅಂಕಿ ಬೇರೆಯಾದರೆ ಅವರ ಕಣ್ಣಿಗೆ ಅದು ಬೇರೆ ಮನುಷ್ಯ.

ಶಾಲೆಯ ದಾಖಲಾತಿ ರಿಜಿಸ್ಟರ್ ತೆಗೆಸಿ ನೋಡಿದಾಗ ತಪ್ಪಿನ ಮೂಲ ಸಿಕ್ಕಿತು. 2009ರ ಜೂನಿನಲ್ಲಿ ಒಂದನೇ ತರಗತಿಗೆ ಸೇರಿಸುವಾಗ ಅರ್ಜಿ ತುಂಬಿದವರು ಅಜ್ಜ. ಹಳೆಯ ಕಾಲದವರು, ತಾರೀಕನ್ನೂ ಕನ್ನಡ ಅಂಕಿಯಲ್ಲೇ ೧೬ ಎಂದು ಬರೆದಿದ್ದರು. ಕೈಬರಹದಲ್ಲಿ ೬ ಮತ್ತು ೯ರ ಬಾಲ ಒಂದಿಷ್ಟು ವಾಲಿದರೆ ಸಾಕು, ಒಂದು ಇನ್ನೊಂದರಂತೆ ಕಾಣುತ್ತದೆ. ರಿಜಿಸ್ಟರಿಗೆ ಇಳಿಸಿದವರ ಕಣ್ಣಿಗೆ ಅದು ೧೯ ಆಯಿತು. ತಾರೀಕನ್ನು ಅಕ್ಷರದಲ್ಲಿ ಬರೆಯಬೇಕಾದ ಜಾಗ ಖಾಲಿ ಇತ್ತು. ಅಲ್ಲಿ ‘ಹದಿನಾರು’ ಎಂದು ಯಾರಾದರೂ ಬರೆದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹೆಸರು ಕೆಟ್ಟದ್ದು ಇನ್ನೊಂದು ದಾರಿಯಲ್ಲಿ. ರಿಜಿಸ್ಟರಿನಲ್ಲಿ ಕನ್ನಡದಲ್ಲಿ ಸರಿಯಾಗಿಯೇ ‘ಶ್ರೀನಿಧಿ’ ಎಂದಿತ್ತು. ಆಮೇಲೆ ಶಾಲಾ ದಾಖಲೆಗಳೆಲ್ಲ ‘ಸಂಪೂರ್ಣ’ ತಂತ್ರಾಂಶಕ್ಕೆ ಹೋದಾಗ ಇಂಗ್ಲಿಷಿನಲ್ಲಿ ಟೈಪ್ ಮಾಡಿದವರು ಮಲಯಾಳದ ರೂಢಿಯಂತೆ Sree ಎಂದು ಹೊಡೆದರು. ಅವರದ್ದು ತಪ್ಪೆಂದು ಹೇಳಲಾರೆ. ಅಲ್ಲಿ ಶ್ರೀಜಾ Sreeja, ಶಶಿ Sasi. ನಾವು ಶ ಬಂದಲ್ಲೆಲ್ಲ Sh ಹಾಕುತ್ತೇವೆ. ಗಣೇಶ ಎಂಬ ಹುಡುಗ ಗಣೇಶನ್ ಆದದ್ದನ್ನೂ ನಾನು ಕಂಡಿದ್ದೇನೆ. ಮಗು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಜನನ ಪತ್ರ ಕರ್ನಾಟಕದ್ದು. ಓದಿದ್ದು ಕೇರಳದ ಶಾಲೆಯಲ್ಲಿ. ನಮ್ಮ ಕಡೆಯ ಎಷ್ಟೋ ಮಕ್ಕಳದ್ದು ಇದೇ ಸ್ಥಿತಿ. ಒಂದೇ ಹೆಸರು ಎರಡು ರಾಜ್ಯದ ಎರಡು ಕಾಗುಣಿತದ ನಡುವೆ ಓಡಾಡುತ್ತಿರುತ್ತದೆ.

ಇಷ್ಟು ದೊಡ್ಡ ತಪ್ಪು ಪಿಯುಸಿ ಸೇರುವಾಗ, ನರ್ಸಿಂಗ್ ಸೇರುವಾಗ ಯಾಕೆ ಸಿಕ್ಕಿಬೀಳಲಿಲ್ಲ ಎಂದು ಕೇಳಬಹುದು. ಪಿಯು ಕಾಲೇಜು ನೋಡಿದ್ದು ಎಸ್ಸೆಸ್ಸೆಲ್ಸಿ ಬುಕ್ಕನ್ನು, ನರ್ಸಿಂಗ್ ಕಾಲೇಜು ನೋಡಿದ್ದು ಬುಕ್ಕು ಮತ್ತು ಪಿಯುಸಿ ಅಂಕಪಟ್ಟಿಯನ್ನು. ಆಧಾರ್ ಮಾಡಿಸಿದ್ದೂ ಶಾಲೆಯ ಚೀಟಿ ತೋರಿಸಿಯೇ. ಎಲ್ಲದರಲ್ಲೂ ಒಂದೇ ತಪ್ಪು, ಹಾಗಾಗಿ ಎಲ್ಲವೂ ಒಂದಕ್ಕೊಂದು ಸರಿಯಾಗಿಯೇ ಹೊಂದುತ್ತಿದ್ದವು. ಪಾಸ್‌ಪೋರ್ಟ್ ಮಾತ್ರ ಅದಕ್ಕೂ ಮೊದಲಿನದು. ತಂದೆ ಅಬುಧಾಬಿಯಲ್ಲಿದ್ದಾಗ ಮಗುವನ್ನು ಕರೆದುಕೊಂಡು ಹೋಗಲು ಜನನ ಪತ್ರದ ಮೇಲೆ ಮಾಡಿಸಿದ್ದು, ಆಮೇಲೆ ಅದನ್ನೇ ನವೀಕರಿಸುತ್ತ ಬಂದಿದ್ದರು. ಹದಿನಾರು ವರ್ಷ ಅಕ್ಕಪಕ್ಕ ಬಾರದಿದ್ದ ಜನನ ಪತ್ರವೂ ಶಾಲಾ ದಾಖಲೆಯೂ ವೀಸಾದ ಮೇಜಿನ ಮೇಲೆ ಮೊದಲ ಸಲ ಎದುರಾದವು.

ಅವು ಎದುರಾಗಬೇಕಾಗಿದ್ದ ಜಾಗ ಬೇರೆಯೇ ಇತ್ತು, ನನ್ನ ತಪ್ಪು ಇರುವುದೂ ಅಲ್ಲೇ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮುಂಚೆ ‘ಸಂಪೂರ್ಣ’ದಲ್ಲಿರುವ ವಿವರಗಳಿಂದಲೇ ಎ ಲಿಸ್ಟ್ ತಯಾರಾಗುತ್ತದೆ. ಬುಕ್ಕಿನಲ್ಲಿ ಅಚ್ಚಾಗುವುದು ಅದರಲ್ಲಿರುವ ಹೆಸರು, ಅದರಲ್ಲಿರುವ ತಾರೀಕು. ಅದನ್ನು ಪ್ರಿಂಟ್ ತೆಗೆದು ಮಕ್ಕಳಿಗೂ ಹೆತ್ತವರಿಗೂ ತೋರಿಸಿ, ತಪ್ಪಿದ್ದರೆ ತಿದ್ದಿ ಆಮೇಲೆ ಅಂತಿಮಗೊಳಿಸಬೇಕು. 2018ರಲ್ಲಿ ಶ್ರೀನಿಧಿಯ ಕ್ಲಾಸಿನಲ್ಲಿ ನಾನು ಮಾಡಿದ್ದು ಏನೆಂದರೆ, ಪಿಟಿಎ ಸಭೆಯ ದಿನ ಜಗಲಿಯಲ್ಲಿ ಬೆಂಚು ಹಾಕಿ ಕೂತು, ಸಾಲಾಗಿ ಬಂದವರ ಮುಂದೆ ಹಾಳೆ ಇಟ್ಟು “ಇಲ್ಲಿ ಒಂದು ಸಹಿ” ಎಂದದ್ದು. ತಾಯಿ ಮಗಳ ಹೆಸರು ಇದೆಯೇ ಎಂದು ಕಣ್ಣಾಡಿಸಿದರು, ಇತ್ತು, ಸಹಿ ಹಾಕಿದರು. ಕೈಯಲ್ಲಿ ಜನನ ಪತ್ರ ಇರಲಿಲ್ಲ. ತನ್ನಿ ಎಂದು ನಾನೂ ಹೇಳಿರಲಿಲ್ಲ.

ಮಗು ಶಾಲೆಯಲ್ಲಿ ಓದುತ್ತಿರುವಾಗ ತಪ್ಪು ಗೊತ್ತಾದರೆ ಜನನ ಪತ್ರದ ಜೊತೆ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಟ್ಟರೆ ಕೆಲಸ ಜಿಲ್ಲೆಯೊಳಗೇ ಮುಗಿಯುತ್ತದೆ. ರಿಜಿಸ್ಟರಿನಲ್ಲಿ ಹಳೆಯದನ್ನು ಹೊಡೆದು, ಆದೇಶದ ನಂಬರ್ ಬರೆದು, ಹೊಸದನ್ನು ಸೇರಿಸುತ್ತಾರೆ. ‘ಸಂಪೂರ್ಣ’ದಲ್ಲೂ ಬದಲಾಗುತ್ತದೆ. ಬುಕ್ಕು ಅಚ್ಚಾದ ಮೇಲಾದರೆ ಅದೇ ಅರ್ಜಿ ತಿರುವನಂತಪುರದ ಪರೀಕ್ಷಾ ಭವನಕ್ಕೆ ಹೋಗಬೇಕು. ಆಗಲೂ ಶಾಲೆಯ ಮೂಲಕವೇ: ಮೂಲ ಬುಕ್ಕು, ಜನನ ಪತ್ರ, ದಾಖಲಾತಿ ರಿಜಿಸ್ಟರಿನ ದೃಢೀಕೃತ ಪ್ರತಿ, ಶುಲ್ಕ ಕಟ್ಟಿದ ಚಲನ್ ಎಲ್ಲವೂ ಜೊತೆಗಿರಬೇಕು.

ಶ್ರೀನಿಧಿಯ ವಿಷಯದಲ್ಲಿ ಅದು ಮೊದಲ ಮೆಟ್ಟಿಲು ಮಾತ್ರ. ತಿದ್ದಿದ ಬುಕ್ಕು ಕೈಗೆ ಬಂದ ಮೇಲೆ ಅದನ್ನು ಹಿಡಿದುಕೊಂಡು ಪಿಯುಸಿ ಅಂಕಪಟ್ಟಿಗೆ ಬೆಂಗಳೂರಿನ ಪರೀಕ್ಷಾ ಮಂಡಳಿಗೆ ಹೋಗಬೇಕು, ಆಮೇಲೆ ಪದವಿಗೆ ವಿಶ್ವವಿದ್ಯಾನಿಲಯಕ್ಕೆ, ಆಮೇಲೆ ನರ್ಸಿಂಗ್ ಕೌನ್ಸಿಲ್ ನೋಂದಣಿಗೆ. ಈ ಸಾಲನ್ನು ಹಿಂದುಮುಂದು ಮಾಡುವ ಹಾಗಿಲ್ಲ. ಮೇಲಿನ ಪ್ರತಿಯೊಂದು ಕಚೇರಿಯೂ ಕೇಳುವುದು ಅದರ ಕೆಳಗಿನ ಸರ್ಟಿಫಿಕೇಟನ್ನು.

ಬಂದ ಮನೆಯವರಿಗೆ ಊರಿನವರು ಕೊಟ್ಟ ಸಲಹೆಗಳನ್ನೂ ಹೇಳಬೇಕು, ಯಾಕೆಂದರೆ ಇನ್ನೂ ಹಲವರು ಅವನ್ನೇ ನಂಬುತ್ತಾರೆ. ಒಬ್ಬರು ಪಾಸ್‌ಪೋರ್ಟನ್ನೇ 19 ಎಂದು ಮಾಡಿಸಿ ಎಂದರಂತೆ. ಪಾಸ್‌ಪೋರ್ಟಿನ ಬುಡ ಜನನ ಪತ್ರ, ಅದರಲ್ಲಿ 16 ಎಂದೇ ಇದೆ. ಹಾಗಾದರೆ ಜನನ ಪತ್ರವನ್ನು ತಿದ್ದಿಸಿ ಎಂದರು ಇನ್ನೊಬ್ಬರು. ಸರಿಯಾಗಿರುವುದು ಅದೊಂದೇ ದಾಖಲೆ, ಅದನ್ನೂ ಸುಳ್ಳು ಮಾಡಿದರೆ ಉಳಿಯುವುದೇನು? ಜನನ ನೋಂದಣಿಯಲ್ಲೇ ನಿಜವಾಗಿ ತಪ್ಪಿದ್ದರೆ ಮಾತು ಬೇರೆ. ಆಗ ಮೊದಲು ಅದನ್ನು ತಿದ್ದಿಸಬೇಕು, ಅದೂ ಹುಟ್ಟಿದ ಊರಿನ ನೋಂದಣಿ ಕಚೇರಿಯಲ್ಲೇ. ಮಂಗಳೂರಿನಲ್ಲಿ ಹುಟ್ಟಿದ ಮಗುವಿನದನ್ನು ಇಲ್ಲಿನ ಪಂಚಾಯತಿನಲ್ಲಿ ತಿದ್ದಲಾಗದು. ಮೂರನೆಯವರ ಸಲಹೆ, ಗ್ರಾಮಾಧಿಕಾರಿಯಿಂದ ‘ಇಬ್ಬರೂ ಒಬ್ಬರೇ’ ಎಂಬ ಸರ್ಟಿಫಿಕೇಟ್ ತರುವುದು. ಅದು ಕೇರಳದೊಳಗಿನ ಕೆಲವು ಕೆಲಸಗಳಿಗೆ ಆಗುತ್ತದೆ. ಹೆಸರಿನ ಕಾಗುಣಿತಕ್ಕಾದರೂ ಹಾಗೆ ಹೇಳಬಹುದು, ಒಬ್ಬಳೇ ಹುಡುಗಿ ಎರಡು ದಿನ ಹುಟ್ಟಿದಳೆಂದು ಯಾವ ಗ್ರಾಮಾಧಿಕಾರಿ ಬರೆದುಕೊಟ್ಟಾರು?

ಆಧಾರ್ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಹುಟ್ಟಿದ ದಿನವನ್ನು ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಹೆಸರಿಗೆ ಎರಡು. ಬುಕ್ಕಿನಲ್ಲಿ ತಪ್ಪಿದೆ ಎಂದು ಗೊತ್ತಿಲ್ಲದೆ, ಎಲ್ಲ ಒಂದೇ ಇರಲಿ ಎಂದು ಆಧಾರನ್ನು ಬುಕ್ಕಿಗೆ ಹೊಂದಿಸಿದವರು ಆ ಒಂದು ಅವಕಾಶವನ್ನು ತಪ್ಪಿಗೇ ಖರ್ಚು ಮಾಡಿರುತ್ತಾರೆ. ಮೊದಲು ಜನನ ಪತ್ರ, ಅದಕ್ಕೆ ಸರಿಯಾಗಿ ಶಾಲೆ, ಆಮೇಲೆ ಆಧಾರ್.

ಇನ್ನೊಂದು ಬಗೆಯ ತಾರೀಕು ತಪ್ಪು ಕೈತಪ್ಪಿನಿಂದ ಆದದ್ದಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ ಐದು ತುಂಬಿರಬೇಕು ಎಂಬ ಆಗಿನ ಲೆಕ್ಕಕ್ಕೆ, ಜುಲೈಯಲ್ಲಿ ಹುಟ್ಟಿದ ಮಗುವನ್ನು ಮೇಯಲ್ಲಿ ಹುಟ್ಟಿದ್ದೆಂದು ಬರೆಸಿದ ಹೆತ್ತವರಿದ್ದಾರೆ, ಬರೆದುಕೊಂಡ ಮಾಷ್ಟ್ರುಗಳೂ ಇದ್ದಾರೆ. ಆಗ ಉಪಕಾರ ಎನಿಸಿತ್ತು. ತಿದ್ದಲು ಹೋದಾಗ, ನಿಜವಾದ ತಾರೀಕಿನಲ್ಲಿ ಆ ವರ್ಷ ಈ ಮಗುವನ್ನು ಸೇರಿಸಿದ್ದು ಹೇಗೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಇಂಥ ಪ್ರಕರಣಗಳು ಬೇಗ ಬಗೆಹರಿಯುವುದಿಲ್ಲ.

ನಾನು ಕೇಳಿಕೊಳ್ಳುವುದು ಇಷ್ಟು. ನಮ್ಮ ಕನ್ನಡ ಶಾಲೆಗಳು ಈ ಪರಿಶೀಲನೆಯನ್ನು ಹತ್ತನೇ ತರಗತಿಯ ಗಡಿಬಿಡಿಗೆ ಬಿಡದೆ ಎಂಟನೆಯಲ್ಲೇ ಮಾಡಲಿ. ‘ಸಂಪೂರ್ಣ’ದ ಪುಟವನ್ನು ಪ್ರಿಂಟ್ ತೆಗೆದು ಮಗುವಿನ ಕೈಯಲ್ಲಿ ಮನೆಗೆ ಕಳಿಸಲಿ, ಜನನ ಪತ್ರದ ಪ್ರತಿಯೊಂದಿಗೆ ವಾಪಸು ತರಿಸಿಕೊಳ್ಳಲಿ. ಮನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು, ಹೆಸರನ್ನು ಓದಿ ನೋಡದೆ ಒಂದೊಂದೇ ಇಂಗ್ಲಿಷ್ ಅಕ್ಷರ ಬೆರಳಿಟ್ಟು ಹೋಲಿಸಬೇಕು. ಓದಿದರೆ Shrinidhiಯೂ Sreenidhiಯೂ ಬಾಯಲ್ಲಿ ಒಂದೇ. ತಾರೀಕನ್ನು ಅಂಕಿಯಲ್ಲಿ ನೋಡಿ ಬಿಡದೆ ಅಕ್ಷರದಲ್ಲಿ ಬರೆದು ಸಹಿ ಹಾಕಬೇಕು. ತಂದೆ ತಾಯಿಯ ಹೆಸರು, ಇನಿಶಿಯಲ್ಲು ಅವರವರ ಪಾಸ್‌ಪೋರ್ಟಿನಂತೆಯೇ ಇದೆಯೇ ಎಂದೂ ಆಗಲೇ ನೋಡಿಬಿಡಲಿ.

ಜಿಲ್ಲಾ ವಿದ್ಯಾಧಿಕಾರಿಗಳಲ್ಲಿ ಒಂದು ವಿನಂತಿ. ಮಂಗಳೂರು, ಪುತ್ತೂರು ಕಡೆಯಿಂದ ಬರುವ ಹಳೆಯ ಜನನ ಪತ್ರಗಳಲ್ಲಿ ಬರೀ ಕನ್ನಡದಲ್ಲಿ ಕೈಬರಹದಲ್ಲಿರುವವು ಇವೆ. ಅವನ್ನು ಓದಲಾಗದೆ ಅನುವಾದ ಮಾಡಿಸಿ ತನ್ನಿ ಎಂದು ಜನರನ್ನು ಓಡಾಡಿಸುವುದುಂಟು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಬಹುದು. ಎ ಲಿಸ್ಟ್ ತಿದ್ದುಪಡಿಯ ದಿನಗಳಲ್ಲಾದರೂ ಕನ್ನಡ ಓದಬಲ್ಲ ಒಬ್ಬರನ್ನು ಆ ಮೇಜಿಗೆ ಕೂರಿಸಿದರೆ ಸಾಕು, ಕನ್ನಡದ ೬ ಯಾವುದು, ೯ ಯಾವುದು ಎಂದು ಹೇಳಲಿಕ್ಕೆ.

ಶ್ರೀನಿಧಿಯ ಅರ್ಜಿಯನ್ನು ಈಗಿನ ಮುಖ್ಯ ಶಿಕ್ಷಕರು ಕಳಿಸಿದ್ದಾರೆ. ಅಜ್ಜ ತುಂಬಿದ ಅರ್ಜಿಯ ಪ್ರತಿಯನ್ನೂ ಅದಕ್ಕೆ ಲಗತ್ತಿಸಿದ್ದೇವೆ. ಅದು ಶಾಲೆಯ ಕಪಾಟಿನಲ್ಲಿ ಗೆದ್ದಲು ಹಿಡಿಯದೆ ಉಳಿದದ್ದು ಆಕೆಯ ಅದೃಷ್ಟ.

ಇತಿ,
ನಿವೃತ್ತ ಅಧ್ಯಾಪಕ, ಬದಿಯಡ್ಕ