ಎಳ್ಳಮಾವಾಸ್ಯೆ ಕಾರ್ಡಿನ ಸಾಲುಗಳ ಬಗ್ಗೆ
ಎಲ್ಲರಿಗೂ ಶರಣು. ಕಲಬುರಗಿಯ ನಮ್ಮ ಅಂಗಡಿಯ ಕಾರ್ಡಿಗೆ ನೀವು ಕಳಿಸಿದ ಪದ್ಯಗಳನ್ನು ರಾತ್ರಿ ಕುಂತು ಓದಿದೆ. ಹೆಚ್ಚಿನವು ಒಂದೇ ಕಡೆ ಎಡವಿವೆ. ‘ಸದಾ ನಗುತಿರು’ ಅಂತ ಬರೆದರೆ ಆ ಕಾರ್ಡನ್ನು ಸೋದರಮಾವನಿಗೆ ಕೊಡಲಾಗದು. ‘ನಗುತಿರಿ’ ಅಂದರೆ ಜೊತೆಗೆ ಓದಿದ ಗೆಳತಿಗೆ ಬಿಗುವಾಗುತ್ತದೆ. ಕನ್ನಡದಾಗ ಕ್ರಿಯಾಪದದ ತುದಿಯೇ ಓದುವವರ ವಯಸ್ಸು, ಸಲಿಗೆ ಹೇಳಿಬಿಡುತ್ತದೆ. ಹಾಗಂತ ‘ಸುಖ, ಶಾಂತಿ, ಸಮೃದ್ಧಿ’ ಅಂದರೆ ಯಾರಿಗೂ ಮುಟ್ಟುವುದಿಲ್ಲ.

ನನಗೆ ಸಿಕ್ಕ ದಾರಿ ಇದು: ಹಾರೈಕೆಯನ್ನು ಮನುಷ್ಯರಿಗಲ್ಲ, ಅವತ್ತಿನ ವಸ್ತುಗಳಿಗೆ ಹೇಳುವುದು.

ಭಜ್ಜಿ ಗಡಿಗೆಯ ಬಿಸಿ ಆರದಿರಲಿ,
ಸಜ್ಜೆ ರೊಟ್ಟಿಯ ಘಮ ತೀರದಿರಲಿ;
ಚರಗ ಚೆಲ್ಲಿದ ನೆಲ ಹಸಿರಾಗಿರಲಿ,
ಒರಗಲು ಬನ್ನಿಯ ನೆರಳೂ ಇರಲಿ.

ಇದರಾಗ ನೀನು, ನೀವು ಎರಡೂ ಇಲ್ಲ. ಹೊಲ ಯಾರದು ಅಂತಲೂ ಹೇಳಿಲ್ಲ. ಸ್ವಂತ ಹೊಲ ಇಲ್ಲದವರೂ ಅವತ್ತು ಯಾರದೋ ಹೊಲಕ್ಕೆ ಊಟಕ್ಕೆ ಹೋಗುತ್ತಾರಲ್ಲ, ಅವರಿಗೂ ಒಪ್ಪುತ್ತದೆ. ಭಜ್ಜಿ–ಸಜ್ಜೆ, ಚರಗ–ಒರಗ, ಎರಡನೇ ಅಕ್ಷರದ ಪ್ರಾಸ ಇರುವುದರಿಂದ ಬಾಯಿಗೆ ಕೂಡ್ತದ. ಮೊದಲು ‘ಮೃಷ್ಟಾನ್ನ’ ಅಂತ ಬರೆದಿದ್ದೆ. ಜೋರಾಗಿ ಓದಿದಾಗ ಭಜ್ಜಿ ಪಕ್ಕದಾಗ ಅದು ಪರಕೀಯ ಅನಿಸಿತು, ತೆಗೆದೆ.

ಒಂದು ಮಿತಿ ಅದ. ಎಳ್ಳಮಾವಾಸ್ಯೆಗೆ ಭಜ್ಜಿ ಮಾಡದ ಸೀಮೆಗೆ ಈ ಕಾರ್ಡು ಹೋಗದು. ಅಲ್ಲಿಗೆ ಬೇರೆ ಬರೆಯೋಣ.

ಮುಂದಿನದು ಮನೆ ವಾಸ್ತುಶಾಂತಿಯ ಕಾರ್ಡು. ನಾಲ್ಕೇ ಸಾಲು, ಸಾಲಿಗೆ 15 ಅಕ್ಷರ ದಾಟಬಾರದು, ಇಲ್ಲಾಂದರೆ ಅಚ್ಚು ಸಣ್ಣದಾಗಿ ಒತ್ತಕ್ಷರ ಕೂಡಿಕೊಳ್ಳುತ್ತವೆ. ಹೊಸ್ತಿಲು, ಒಲೆ, ಅಂಗಳ, ಯಾವುದನ್ನಾದರೂ ಹಿಡಿಯಿರಿ. ಗುರುವಾರದೊಳಗೆ ಇಲ್ಲೇ ಹಾಕಿ.