ಹಗ್ಗ ಮೂಲೆಗೆ ಹಾಕಿದ ಪುಟ್ಟಿಗೆ

ಪುಟ್ಟಿ,

ನಿನ್ನ ಕಾಗದ ಮೂರು ಸಲ ಓದಿದೆ. ಪರೀಕ್ಷೆ, ಅಮ್ಮನ ಸಿಟ್ಟು, ಅದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ, ಬಿಡು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಹಾರುವಾಗ ಮೈ ಅಲ್ಲಾಡುತ್ತೆ, ಎಲ್ಲರೂ ನನ್ನನ್ನೇ ನೋಡ್ತಾರೆ, ಅದಕ್ಕೆ ಸ್ಕಿಪ್ಪಿಂಗ್ ಬಿಟ್ಟೆ' ಅಂತ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಇಪ್ಪತ್ತೆಂಟು ವರ್ಷ ಪಿ.ಟಿ. ಟೀಚರ್ ಆಗಿದ್ದವಳು ನಾನು. ಪ್ರತಿ ಜೂನ್‌ನಲ್ಲೂ ಎಂಟನೇ ಕ್ಲಾಸಿನ ಸಾಲಿನಲ್ಲಿ ಮೂರು ನಾಲ್ಕು ಹುಡುಗಿಯರು ಭುಜ ಮುಂದಕ್ಕೆ ಮಡಚಿಕೊಂಡು, ಕೈ ಕಟ್ಟಿಕೊಂಡು ನಿಂತಿರುತ್ತಿದ್ದರು. 'ನೆಟ್ಟಗೆ ನಿಲ್ಲು' ಅಂತ ಕೂಗುತ್ತಿದ್ದೆ. ನೆಟ್ಟಗಾಗುತ್ತಿದ್ದರು, ಹತ್ತು ಹೆಜ್ಜೆ ನಡೆದರೆ ಮತ್ತೆ ಅದೇ. ಸೋಮಾರಿತನ ಅಂದುಕೊಂಡೆ. ಏಳನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಒಬ್ಬ ಹುಡುಗಿ ಎಂಟಕ್ಕೆ ಬಂದ ಮೇಲೆ ವಾರವಾರವೂ ಹೊಟ್ಟೆನೋವು ಅಂತ ಮರದ ಕೆಳಗೆ ಕೂತುಬಿಡುತ್ತಿದ್ದಳು. ಯಾಕಮ್ಮ ಅಂತ ಒಂದು ದಿನವೂ ಕೇಳಲಿಲ್ಲ ನಾನು. ನಾನೇ ಹದಿಮೂರರಲ್ಲಿ ಪುಸ್ತಕಗಳನ್ನು ಎದೆಗವಚಿಕೊಂಡು ನಡೆದವಳು, ಆದರೂ ಕೇಳಲಿಲ್ಲ. ಅದು ಈಗಲೂ ಕೊರೆಯುತ್ತೆ.

ಯಾರೂ ನೋಡಲ್ಲ ಬಿಡು ಅಂತ ನಿನಗೆ ಹೇಳಲಾರೆ. ಕೆಲವರು ನೋಡುತ್ತಾರೆ. ಆದರೆ ಆ ಅಲ್ಲಾಟವನ್ನು ಕಡಿಮೆ ಮಾಡಬಹುದು. ಮೊದಲು ಅಮ್ಮನ ಹತ್ತಿರ ಒಂದು ಸ್ಪೋರ್ಟ್ಸ್ ಬ್ರಾ ಕೇಳು, ನಾಚಿಕೆ ಆದರೆ ಈ ಕಾಗದ ತೋರಿಸು. ಬಾಗಿಲು ಹಾಕಿಕೊಂಡು ಹತ್ತು ಸಲ ಹಾರಿ ನೋಡು. ಹಿಡಿದಿಡಬೇಕು, ಆದರೆ ಉಸಿರು ಪೂರ್ತಿ ಎಳೆಯಲು ಬರಬೇಕು. ಬಿಗಿಯಾಗಿರಲಿ ಅಂತ ಸುಮ್ನೆ ಎರಡೆರಡು ಹಾಕಿಕೊಳ್ಳಬೇಡ.

ಇನ್ನೊಂದು, ನಿನ್ನ ಹಗ್ಗ ಹೋದ ವರ್ಷದ್ದು ಅಲ್ವಾ? ನೀನು ಉದ್ದ ಆಗಿದ್ದೀಯ, ಅದು ಗಿಡ್ಡ ಆಗಿದೆ. ಗಿಡ್ಡ ಹಗ್ಗದಲ್ಲಿ ದಾಟಬೇಕೆಂದರೆ ಬೆನ್ನು ಬಾಗಿಸಲೇಬೇಕು, ಮೇಲಕ್ಕೆ ಎಗರಲೇಬೇಕು. ಹಗ್ಗದ ನಡುವನ್ನು ಒಂದು ಕಾಲಲ್ಲಿ ಮೆಟ್ಟಿ ಎರಡೂ ಹಿಡಿಗಳನ್ನು ಮೇಲಕ್ಕೆಳೆ, ಕಂಕುಳ ತನಕ ಬಂದರೆ ಸರಿ. ಆಮೇಲೆ ಮೊಣಕೈ ಪಕ್ಕೆಯ ಹತ್ತಿರ ಇಟ್ಟುಕೊಂಡು ಮಣಿಕಟ್ಟಿನಿಂದ ತಿರುಗಿಸು. ಒಂದಿಂಚು ಎದ್ದರೆ ಸಾಕು, ಹಗ್ಗಕ್ಕೆ ಅಷ್ಟೇ ಜಾಗ ಬೇಕಿರುವುದು. ಮುಂಗಾಲಿನ ಮೇಲೆ ಇಳಿ, ಮಂಡಿ ಸ್ವಲ್ಪ ಸಡಿಲ ಇರಲಿ. ದಪ್ ದಪ್ ಅಂತ ಸದ್ದು ಬಂದರೆ ಜಾಸ್ತಿ ಎಗರುತ್ತಿದ್ದೀಯ ಅಂತ ಅರ್ಥ. ಮೈ ಅಲ್ಲಾಡುವುದೂ ಆ ಎತ್ತರದ ಎಗರಾಟದಲ್ಲೇ ಜಾಸ್ತಿ.

ಇಪ್ಪತ್ತು ಹಾರು, ಉಸಿರು ಸಮ ಆಗುವ ತನಕ ನಿಲ್ಲು, ಹೀಗೆ ಐದು ಸಲ. ವಾರಕ್ಕೆ ಮೂರು ದಿನ ಸಾಕು. ಸಿಮೆಂಟ್ ತಾರಸಿ ಬೇಡ, ಹಿತ್ತಲ ಮಣ್ಣಿನ ಮೇಲೆ, ಯಾರೂ ಏಳುವ ಮೊದಲು. ಕಾಲಿನ ಮುಂದಿನ ಎಲುಬಿನಲ್ಲಿ ಒಂದೇ ಕಡೆ ಬೆರಳಿಂದ ಒತ್ತಿದರೆ ನೋವಾಗುತ್ತೆ ಅಂದರೆ ನಿಲ್ಲಿಸಿಬಿಡು, ನಡೆಯುವಾಗಲೂ ನೋವಿದ್ದರೆ ಡಾಕ್ಟರಿಗೆ ತೋರಿಸಬೇಕು. ತುಂಬ ಹೇಳುತ್ತಿದ್ದೀನೇನೋ.

ಆ ಭುಜದ ವಿಷಯಕ್ಕೇ ಬರುತ್ತೇನೆ, ನನ್ನ ತಲೆಯಲ್ಲಿ ಅದೇ ಸುತ್ತುತ್ತಿದೆ. ಮಡಚಿದ ಭುಜ ಬೈದರೆ ಬಿಚ್ಚಿಕೊಳ್ಳಲ್ಲ, ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿಗೆ ಬಲ ಬೇಕು. ರಿಟೈರ್ ಆಗುವುದಕ್ಕೆ ಎರಡು ವರ್ಷ ಇದ್ದಾಗ, ಕೊನೆಗೂ ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವಳು ಹೇಳಿದ್ದು ನಿನ್ನದೇ ಮಾತು. ದಿನ ಬಿಟ್ಟು ದಿನ ಬೋರಲು ಮಲಗಿಸಿ, ಎರಡೂ ತೋಳನ್ನು ಪಕ್ಕಕ್ಕೆ ಚಾಚಿ ನೆಲದಿಂದ ನಾಲ್ಕು ಬೆರಳು ಎತ್ತಿಸುತ್ತಿದ್ದೆ, ಐದು ಎಣಿಸುವ ತನಕ, ಎಂಟು ಸಲ. ಜೊತೆಗೆ ಗೋಡೆಗೆ ಕೈ ಕೊಟ್ಟು ಪುಷ್‌ಅಪ್. ಮೊದಲ ದಿನ ಆರು ಆದವು. ಹನ್ನೆರಡು ಹನ್ನೆರಡರಂತೆ ಎರಡು ಸಲ ಸಲೀಸಾಗಿ ಬಂದ ಮೇಲೆ ಮೇಜಿನ ಅಂಚಿಗೆ ಇಳಿಸಿದೆ. ಅಲ್ಲಿ ಮತ್ತೆ ಐದಕ್ಕೇ ಬಂದಳು, ಅಳು ಮುಖ ಮಾಡಿದಳು. ಪ್ರತಿ ಮೆಟ್ಟಿಲು ಇಳಿದಾಗಲೂ ಹಾಗೇ ಆಗುತ್ತೆ. ಆಮೇಲೆ ಜಗುಲಿ ಕಟ್ಟೆ, ದೀಪಾವಳಿ ಕಳೆದ ಮೇಲೆ ನೆಲ. ನೆಲದ ಮೇಲೆ ಒಂದೇ ಒಂದು, ಸೊಂಟ ಜೋಲದೆ. ಎದ್ದು ನಿಂತಾಗ ಅವಳ ಕೈ ಎದೆಯ ಮುಂದೆ ಕಟ್ಟಿರಲಿಲ್ಲ, ಪಕ್ಕದಲ್ಲಿ ಇಳಿಬಿದ್ದಿದ್ದವು. ಅವಳಿಗೆ ಅದು ಗೊತ್ತೂ ಇರಲಿಲ್ಲ.

ನೋಡುವವರ ಭಯ ಅವಳಿಗೆ ಪೂರ್ತಿ ಹೋಯಿತಾ? ಇಲ್ಲ ಅಂದಳು, ಹಾರುವಾಗ ನೆನಪಾಗಲ್ಲ ಟೀಚರ್ ಅಂದಳು.

ದಸರಾ ರಜೆಗೆ ಬರುತ್ತೇನೆ. ಅಷ್ಟರಲ್ಲಿ ಹಗ್ಗ ಎಲ್ಲಿಯ ತನಕ ಬರುತ್ತೆ ಅಂತ ಅಳೆದು ಬರಿ, ಗಿಡ್ಡ ಇದ್ದರೆ ಇಲ್ಲಿಂದಲೇ ತರುತ್ತೇನೆ.

ನಿನ್ನ
ದೊಡ್ಡಮ್ಮ