ಜಾಕೆಟ್ ಚೀಟಿಯ ಬಗ್ಗೆ ವಿರೂಪಾಕ್ಷನಿಗೆ

ಕೊಪ್ಪಳ

ಚಿ. ವಿರೂಪಾಕ್ಷನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನ ಅವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಒಂದು ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ. "ನನ್ನ ಕಣ್ಣಿಗೆ ಕಂಡದ್ದನ್ನು ಬರೆದು ಕಳಿಸುತ್ತೇನೆ, ಅಲ್ಲಿ ಬೇರೇನೋ ಆಗುತ್ತದೆ. ನನಗೆ ಈ ಕೆಲಸ ಬರೋದೇ ಇಲ್ಲ ಅನ್ನಿಸುತ್ತಿದೆ" ಅಂತ ಬರೆದಿದ್ದೀಯ. ಇಪ್ಪತ್ನಾಲ್ಕರ ಹುಡುಗ ಹೀಗೆ ಬರೆದರೆ ನನಗೆ ನಿದ್ದೆ ಹೇಗೆ ಬರಬೇಕು?

ಫೋಟೋಕ್ಕೆ ನಿಲ್ಲುವ ಹುಡುಗನಿಗೆ ಬಟ್ಟೆ ಹೇಗೆ ಹಾಕಿಸಬೇಕು ಅಂತ ನಿಮ್ಮ ಜೀನ್ಸ್ ಯುನಿಟ್ಟಿನಿಂದ ನೀನು ಬರೆದು ಕಳಿಸಿದ ಚೀಟಿಯನ್ನೂ, ಅದನ್ನು ಓದಿ ಬೆಂಗಳೂರಿನ ಸ್ಟುಡಿಯೋದವರು ತೆಗೆದ ಫೋಟೋವನ್ನೂ ಪತ್ರದ ಜೊತೆಗಿಟ್ಟಿದ್ದೆಯಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದೆ. ಚೀಟಿಯಲ್ಲಿ ಇರುವುದು ಇಷ್ಟೇ: "ಶರ್ಟ್ ಇನ್ ಬೇಡ, ತೋಳು ಅರ್ಧ, ಜಾಕೆಟ್ ಓಪನ್." ಫೋಟೋದಲ್ಲಿ ಹುಡುಗ ಅರ್ಧ ತೋಳಿನ ಶರ್ಟ್ ಹಾಕಿದ್ದಾನೆ. ಶರ್ಟ್ ತೊಡೆಯವರೆಗೆ ಇಳಿದಿದೆ. ಜಾಕೆಟ್ ಒಂದು ಭುಜದಿಂದ ಜಾರಿದೆ. ನಿಮ್ಮ ಮಾಲೀಕರು ಮಾರಬೇಕಾದ ಜೀನ್ಸಿನ ಸೊಂಟದ ಪಟ್ಟಿಯೂ ಇಲ್ಲ, ಗುಂಡಿಯೂ ಇಲ್ಲ. ಅವರು ಬೈದದ್ದು ಸಹಜ. ಆದರೆ ವಿರೂ, ಬೆಂಗಳೂರಿನವರು ನಿನ್ನ ಚೀಟಿಯನ್ನು ಮೀರಿಲ್ಲ. ಶರ್ಟ್ ಇನ್ ಇಲ್ಲ. ತೋಳು ಅರ್ಧ ಇದೆ. ಜಾಕೆಟ್ ಓಪನ್ ಇದೆ. ನಿನ್ನ ಕಣ್ಣಿನಲ್ಲಿ ಏನೂ ತಪ್ಪಿಲ್ಲ. ಕಂಡದ್ದರಲ್ಲಿ ಅರ್ಧ ಮಾತ್ರ ಚೀಟಿಗೆ ಇಳಿದಿದೆ, ಅಷ್ಟೇ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾನು ಹೊಲಿಗೆ ಕೆಲಸ ಕಲಿಯುವಾಗ ನಮ್ಮ ಮಾಸ್ತರ್ ಹೆಚ್ಚು ಮಾತಾಡುತ್ತಿರಲಿಲ್ಲ. ಗಿರಾಕಿಯ ಭುಜ ಹಿಡಿದು "ಇಲ್ಲಿ ಸ್ವಲ್ಪ" ಅನ್ನುತ್ತಿದ್ದರು. ಆ ಸ್ವಲ್ಪ ಎಷ್ಟು ಅಂತ ಅವರ ಬೆರಳು ತೋರಿಸುತ್ತಿತ್ತು. ಬೆರಳು ಎದುರಿಗೆ ಇದ್ದಷ್ಟು ದಿನ ನನಗೆ ಮಾತು ಬೇಕಾಗಲೇ ಇಲ್ಲ. ಅವರು ಹೋದ ಮೇಲೆ ಅಂಗಡಿಯಲ್ಲಿ ಯಾರ ಹತ್ತಿರವೂ ಆ ಲೆಕ್ಕ ಉಳಿಯಲಿಲ್ಲ. ಒಂದು ಸಲ ಕೂತು ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದರು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ನಿನ್ನ ಪತ್ರ ಓದಿದಾಗ ಮತ್ತೆ ಅದೇ ನೆನಪಾಯಿತು. ನಿನ್ನ ಬೆರಳು ಬಳ್ಳಾರಿಯಲ್ಲಿದೆ, ಹುಡುಗ ಬೆಂಗಳೂರಿನಲ್ಲಿ ನಿಂತಿದ್ದಾನೆ.

ನಿನಗೆ ಬುದ್ಧಿ ಹೇಳುವಷ್ಟು ಫೋಟೋ ಕೆಲಸ ನಾನು ನೋಡಿಲ್ಲ. ಬಟ್ಟೆಯ ಕಡೆಯಿಂದ ತೋಚಿದ್ದನ್ನು ಹೇಳುತ್ತೇನೆ, ಸರಿ ಅನ್ನಿಸಿದರೆ ಇಟ್ಟುಕೋ.

"ಇನ್ ಬೇಡ" ಅಂದರೆ ಏನು ಬೇಡ ಅನ್ನೋದು ಗೊತ್ತಾಯಿತು, ಏನು ಬೇಕು ಅನ್ನೋದು ಗೊತ್ತಾಗಲಿಲ್ಲ. ಶರ್ಟ್ ಹೊರಗೆ ಬಿಟ್ಟರೆ ಅದರ ಕೆಳ ಅಂಚು ಎಲ್ಲಿಗೆ ಬರಬೇಕು? ಪ್ಯಾಂಟಿನ ಜಿಪ್ಪಿನ ಅರ್ಧಕ್ಕೆ ನಿಂತರೆ ಒಂದು ನೋಟ, ತೊಡೆಗೆ ಇಳಿದರೆ ಬೇರೆಯೇ ನೋಟ. ಎರಡರಲ್ಲೂ ಸೊಂಟದ ಪಟ್ಟಿ ಮುಚ್ಚಿಹೋಗುತ್ತದೆ. ನಿನಗೆ ಬೇಕಿದ್ದದ್ದು ಮುಂದೆ ಮಾತ್ರ ಒಳಗೆ ಸಿಕ್ಕಿಸಿ ಹಿಂದೆ ಬಿಡೋದು, ಅಲ್ವಾ? ನಿನ್ನ ಪತ್ರದಲ್ಲಿ ಹಾಗೇ ಇದೆ, ಚೀಟಿಯಲ್ಲಿ ಇಲ್ಲ. ಹಾಗೆ ಸಿಕ್ಕಿಸಿದಾಗಲೂ ಎಲ್ಲಿಯವರೆಗೆ ಅಂತ ಹೇಳಬೇಕು. ಜೀನ್ಸಿನ ಆ ಚಿಕ್ಕ ಜೇಬೂ ಫೋಟೋದಲ್ಲಿ ಕಾಣಬೇಕಲ್ಲ, ಅದು ಬಲಗಡೆ ಜೇಬಿನೊಳಗೆ ಇರುತ್ತದೆ. ಬರೀ ಗುಂಡಿಯ ಹತ್ತಿರ ಸಿಕ್ಕಿಸಿದರೆ ಪಕ್ಕದ ಬಟ್ಟೆ ಇಳಿದು ಅದನ್ನು ಮುಚ್ಚುತ್ತದೆ. ಬಲ ಅನ್ನೋದು ಹಾಕಿಕೊಂಡವನ ಬಲ. ಫೋಟೋ ನೋಡುವವರಿಗೆ ಅದು ಎಡಕ್ಕೆ ಕಾಣುತ್ತದೆ. ಇದನ್ನು ಬರೆಯದೆ ಬಿಟ್ಟರೆ ಒಬ್ಬೊಬ್ಬರು ಒಂದೊಂದು ಕಡೆ ಹಿಡಿಯುತ್ತಾರೆ.

ತೋಳಿನ ವಿಷಯಕ್ಕೆ ಬಂದರೆ, "ತೋಳು ಅರ್ಧ" ಅಂದರೆ ನಮ್ಮ ಕಡೆ ಯಾವ ಅಂಗಡಿಯಲ್ಲೂ ಅರ್ಧ ತೋಳಿನ ಶರ್ಟನ್ನೇ ತೆಗೆದುಕೊಡುತ್ತಾರೆ. ಅದಕ್ಕಿಂತ ಮೊದಲು, ಯಾರ ತೋಳು? ಶರ್ಟಿನದೋ ಜಾಕೆಟ್ಟಿನದೋ? ಜಾಕೆಟ್ ಮೇಲಿದ್ದರೆ ಒಳಗಿನ ತೋಳು ಮಡಚಿದರೂ ಒಂದೇ, ಬಿಟ್ಟರೂ ಒಂದೇ, ಕಾಣೋದಿಲ್ಲ. ಕಾಣೋದು ಜಾಕೆಟ್ಟಿನ ತೋಳು, ಅದರ ಕೆಳಗೆ ಇಣುಕುವ ಶರ್ಟಿನ ಕಫ್. ಮಡಿಕೆ ಎಷ್ಟು ಅನ್ನೋದನ್ನೂ ಹೇಳು. ಸಾಮಾನ್ಯ ಶರ್ಟಿನ ಕಫ್ 2.5 ಇಂಚಿನ ಆಸುಪಾಸು ಇರುತ್ತದೆ. ಅದರ ಅಗಲಕ್ಕೇ ಎರಡು ಸಲ ಮಡಚಿದರೆ 5 ಇಂಚು ಮೇಲೆ ಹೋಗುತ್ತದೆ, ಅಂದರೆ ಮುಂಗೈ ಅರ್ಧಕ್ಕೆ. ಇನ್ನೊಂದು ಮಡಿಕೆ ಹಾಕಿದರೆ ಮೊಣಕೈ ಹತ್ತಿರ ಬರುತ್ತದೆ. ಮಡಚಿದ್ದು ಬೇರೆ, ಸುಮ್ನೆ ಮೇಲಕ್ಕೆ ಎಳೆದದ್ದು ಬೇರೆ. ಎಳೆದ ತೋಳು ಸುಕ್ಕಾಗಿ ನಿಲ್ಲುತ್ತದೆ, ಮಡಚಿದ್ದಕ್ಕೆ ಅಂಚು ಇರುತ್ತದೆ.

ಮತ್ತೆ ನಿನ್ನ ಮಾತೇ ಬರುತ್ತಿದೆ. ಬರೋದೇ ಇಲ್ಲ ಅಂದೆಯಲ್ಲ. ಫೋಟೋ ನೋಡಿದ ಕೂಡಲೇ ಇದು ಬೇರೆ ಅಂತ ನಿನಗೆ ಗೊತ್ತಾಯಿತಲ್ಲ, ಆ ಕಣ್ಣು ಬರೋದಕ್ಕೇ ನನಗೆ ವರ್ಷಗಟ್ಟಲೆ ಹಿಡಿಯಿತು. ನಿನ್ನ ಅಪ್ಪನಿಗೂ ಅದು ಇತ್ತು, ಆ ವಿಷಯ ಈಗ ಬೇಡ.

ಜಾಕೆಟ್ "ಓಪನ್" ಅನ್ನೋದೂ ಹಾಗೇ. ಜಿಪ್ ಇರುವ ಜಾಕೆಟ್ಟಾದರೆ, ಕೆಳಗೆ ಜಿಪ್ ಸೇರಿಸಿ ಎದೆಯವರೆಗೆ ಎಳೆದು ಬಿಟ್ಟರೂ ಕೆಲವರು ಓಪನ್ ಅನ್ನುತ್ತಾರೆ. ಜಿಪ್ ಪೂರ್ತಿ ಬಿಡಿಸಿ ಎರಡು ಭಾಗ ಬೇರೆಯಾದರೂ ಓಪನ್ನೇ. ಜಿಪ್ಪಿನ ತುದಿ ಕುತ್ತಿಗೆಗೆ ಇದೆಯೋ, ಎದೆಗೋ, ಹೊಟ್ಟೆಗೋ ಅಂತ ಬರೆ. ಆದರೆ ನಿಮ್ಮ ಜೀನ್ಸ್ ಜಾಕೆಟ್ಟಿಗೆ ಜಿಪ್ ಇಲ್ಲ, ಲೋಹದ ಗುಂಡಿ ಇದೆ. ಇನ್ನೊಂದು ಚೀಟಿಯಲ್ಲಿ ನೀನು "ಜಿಪ್ ಹಾಕಿ" ಅಂತ ಬರೆದಿದ್ದೀಯ. ಪಾಪ, ಅವರು ಜಿಪ್ ಇರುವ ಜಾಕೆಟ್ ಹುಡುಕಿ ತಂದರೆ ತಪ್ಪು ಯಾರದು? ಗುಂಡಿ ಅಂತ ಬರೆ, ಮೇಲಿಂದ ಎಷ್ಟು ಬಿಚ್ಚಬೇಕು ಅಂತ ಎಣಿಸಿ ಬರೆ.

ನಿನ್ನ ಚೀಟಿಯನ್ನು ನಾನೇ ಕೂತು ಒಮ್ಮೆ ಬರೆದು ನೋಡಿದೆ. ಬೇಜಾರು ಮಾಡಿಕೊಳ್ಳಬೇಡ.

"ಒಳಗೆ ಉದ್ದ ತೋಳಿನ ಬಿಳಿ ಶರ್ಟ್. ಮುಂದೆ ಮಾತ್ರ ಪ್ಯಾಂಟಿನೊಳಗೆ ಸಿಕ್ಕಿಸಿದೆ, ಹುಡುಗನ ಬಲಗಡೆ ಪಕ್ಕದ ಹೊಲಿಗೆಯವರೆಗೆ. ಹಿಂದೆ ಮತ್ತು ಎಡ ಪಕ್ಕ ಹೊರಗೆ. ಪ್ಯಾಂಟಿನ ಗುಂಡಿ, ಚಿಕ್ಕ ಜೇಬು ಪೂರ್ತಿ ಕಾಣುತ್ತವೆ. ಜಾಕೆಟ್ ಎರಡೂ ಭುಜದ ಮೇಲೆ ಸರಿಯಾಗಿ ಕೂತಿದೆ. ಗುಂಡಿಗಳೆಲ್ಲ ಬಿಚ್ಚಿವೆ, ಎರಡೂ ಅಂಚು ನೇರವಾಗಿ ಇಳಿದಿವೆ. ಜಾಕೆಟ್ಟಿನ ತೋಳು ಒಂದು ಮಡಿಕೆ. ಅದರ ಕೆಳಗೆ ಶರ್ಟಿನ ಕಫ್ 1 ಇಂಚು ಕಾಣುತ್ತದೆ, ಕಫ್ ಗುಂಡಿ ಹಾಕಿದೆ."

ಉದ್ದವಾಯಿತೇನೋ. ಆದರೆ ಇದರಲ್ಲಿ "ಸ್ಟೈಲಾಗಿ", "ಕ್ಯಾಶುಯಲ್ ಆಗಿ" ಅನ್ನೋ ಮಾತು ಒಂದೂ ಇಲ್ಲ. ಅವು ಬಂದಲ್ಲೆಲ್ಲ ಓದುವವನು ತನ್ನ ಮನಸ್ಸಿಗೆ ಬಂದದ್ದನ್ನು ಹಾಕುತ್ತಾನೆ. ಒಳಗಿನಿಂದ ಹೊರಗೆ ಬರೆದಿದ್ದೇನೆ, ಯಾಕೆಂದರೆ ಬಟ್ಟೆ ಹಾಕಿಕೊಳ್ಳುವುದೂ ಹಾಗೇ, ಏನು ಏನನ್ನು ಮುಚ್ಚುತ್ತದೆ ಅಂತ ಬರೆಯುವಾಗಲೇ ಗೊತ್ತಾಗುತ್ತದೆ. ಎಲ್ಲಾ ಚೀಟಿಗೂ ಇಷ್ಟು ಬೇಕಾಗಿಲ್ಲ. ಬರೀ ಶರ್ಟಿನ ಫೋಟೋಕ್ಕೆ ಎರಡು ಸಾಲು ಸಾಕಾಗಬಹುದು.

ಕಳಿಸುವ ಮೊದಲು ನಿಮ್ಮ ಯುನಿಟ್ಟಿನಲ್ಲಿ ದಾರ ಕತ್ತರಿಸುವ ಅಕ್ಕಂದಿರಲ್ಲಿ ಯಾರಿಗಾದರೂ ಚೀಟಿ ಓದಿ ಹೇಳು. ಯಾರಾದರೂ ಹುಡುಗನನ್ನು ನಿಲ್ಲಿಸಿ, ಅವರು ಕೇಳಿದಷ್ಟನ್ನೇ ಹಾಕಿಸಲಿ. ನೀನು ಪಕ್ಕದಲ್ಲಿ ನಿಂತು ಬಾಯಿ ಬಿಡಬೇಡ. ಅವರು ಎಲ್ಲಿ ಕೈ ತಡೆದು "ಇಲ್ಲಿ ಹೇಗೆ?" ಅಂತ ಕೇಳುತ್ತಾರೋ ಅಲ್ಲಿ ಒಂದು ಸಾಲು ಸೇರಿಸು. ಹೆದರಿಕೆ ಅದರಿಂದ ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ. ಎಲ್ಲಿ ತಪ್ಪಿತು ಅಂತ ಫೋಟೋ ಬರುವ ಮೊದಲೇ ನಿನಗೆ ಕಾಣುತ್ತದೆ.

ಮುಂದಿನ ಚೀಟಿಯನ್ನು ನನಗೂ ಒಂದು ಕಳಿಸು. ಹಾಕಿಕೊಂಡವನ ಎಡ ಬಲ ಬರೆದಿದ್ದೀಯಾ ಅಂತ ಮಾತ್ರ ನೋಡಿಕೊಂಡು ಕಳಿಸು.

ಇಂತಿ ನಿನ್ನ
ದೊಡ್ಡಪ್ಪ